ಸೋರುವ ತಾರಸಿಗೆ ಮೂರು ಪುಟ ಯಾಕೆ?

ಮಳೆಗಾಲದ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಮಲಗುವ ಕೋಣೆಯ ಸೀಲಿಂಗಿನಲ್ಲಿ ಒದ್ದೆ ಕಲೆ ಕಂಡವರು ಈಗೀಗ ಮೇಸ್ತ್ರಿಗೆ ಹೇಳಿ ಕಳಿಸುವ ಮೊದಲು ಮೊಬೈಲ್ ತೆಗೆಯುತ್ತಾರೆ. ‘ತಾರಸಿ ಸೋರುತ್ತಿದೆ ಏನು ಮಾಡಬೇಕು’ ಎಂದು ಕನ್ನಡದಲ್ಲೋ, ಇಂಗ್ಲಿಷಿನಲ್ಲೋ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲೋ ಬರೆದು ಹುಡುಕುತ್ತಾರೆ. ನೀರು ಎಲ್ಲಿಂದ ಇಳಿಯುತ್ತಿದೆ, ಎಷ್ಟು ಒಡೆಯಬೇಕಾಗಬಹುದು, ಮಳೆ ನಿಲ್ಲುವ ತನಕ ಕಾಯಬೇಕೇ, ಖರ್ಚು ಯಾವುದರ ಮೇಲೆ ನಿಂತಿದೆ ಎಂಬುದು ಅವರಿಗೆ ತಿಳಿಯಬೇಕು. ಆದರೆ ತೆರೆದುಕೊಳ್ಳುವ ಪುಟದಲ್ಲಿ ಬಹಳ ಸಲ ಇರುವುದು ‘ಅನುಭವಿ ತಂಡದಿಂದ ಉತ್ತಮ ಗುಣಮಟ್ಟದ ವಾಟರ್‌ಪ್ರೂಫಿಂಗ್ ಸೇವೆ’ ಎಂಬ ಒಂದು ಪ್ಯಾರಾ ಮತ್ತು ಫೋನ್ ನಂಬರು. ಅದೇ ಸಂಸ್ಥೆಯ ಇನ್ನೊಂದು ಪುಟಕ್ಕೆ ಹೋದರೂ ಅದೇ ಪ್ಯಾರಾ, ತಲೆಬರಹ ಮಾತ್ರ ಬೇರೆ.

ಸೇವೆ ಮಾರುವ ಸಣ್ಣ ಸಂಸ್ಥೆಗಳ ವೆಬ್‌ಸೈಟುಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತೊಡಕು ಇದು. ಬರೆಯುವವರಿಗೆ ಭಾಷೆ ಬಾರದೆ ಹೀಗಾಗುವುದಿಲ್ಲ. ಒಂದು ಪುಟ ಯಾಕೆ ಇರಬೇಕು ಎಂಬುದನ್ನು ತೀರ್ಮಾನಿಸುವ ಕ್ರಮವೇ ತಪ್ಪಿರುತ್ತದೆ. ಮಾಲೀಕರು ತಾವು ಮಾರುವ ಕೆಲಸಗಳ ಪಟ್ಟಿ ಮಾಡಿ, ಒಂದೊಂದು ಹೆಸರಿಗೆ ಒಂದೊಂದು ಪುಟ ಮಾಡಿಸುತ್ತಾರೆ. ಆಮೇಲೆ ಯಾರೋ ಬಂದು ‘ಜನ ಈ ಪದವನ್ನೂ ಹುಡುಕುತ್ತಾರೆ’ ಎನ್ನುತ್ತಾರೆ, ಆ ಪದಕ್ಕೊಂದು ಪುಟ ಹುಟ್ಟುತ್ತದೆ. ಹೀಗೆ ಬೆಳೆದ ಸೈಟಿನಲ್ಲಿ ಗಿರಾಕಿಯ ಪ್ರಶ್ನೆ ಎಲ್ಲೂ ಪೂರ್ತಿ ಸಿಗುವುದಿಲ್ಲ, ಎಲ್ಲ ಕಡೆ ಚೂರು ಚೂರು ಸಿಗುತ್ತದೆ.

ಇದನ್ನು ಸರಿಪಡಿಸುವ ಬಗೆಯನ್ನು ಒಂದು ಉದಾಹರಣೆ ಹಿಡಿದೇ ನೋಡೋಣ. ಮೈಸೂರಿನಲ್ಲಿ ಒಂದು ವಾಟರ್‌ಪ್ರೂಫಿಂಗ್ ಸಂಸ್ಥೆ ಇದೆ ಎಂದಿಟ್ಟುಕೊಳ್ಳಿ. ಅದರ ಸೈಟಿನಲ್ಲಿ ಹನ್ನೆರಡು ಸೇವಾಪುಟಗಳಿವೆ. ಮೊದಲನೆಯದು ‘ವಾಟರ್‌ಪ್ರೂಫಿಂಗ್ ಸೇವೆಗಳು’. ನಂತರ ‘ತಾರಸಿ ವಾಟರ್‌ಪ್ರೂಫಿಂಗ್’, ‘ರೂಫ್ ಲೀಕೇಜ್ ರಿಪೇರಿ’, ‘ಮೋಲ್ಡ್ ಸೋರಿಕೆಗೆ ಪರಿಹಾರ’ ಎಂಬ ಮೂರು. ‘ಬಾತ್‌ರೂಮ್ ವಾಟರ್‌ಪ್ರೂಫಿಂಗ್’ ಒಂದು, ‘ಸಂಪ್ ಮತ್ತು ಟ್ಯಾಂಕ್’ ಒಂದು. ಗೋಡೆಯ ತೇವದ ಬಗ್ಗೆ ಎರಡು, ಒಂದರ ತಲೆಬರಹ ಕನ್ನಡ ಪದದಲ್ಲಿ, ಇನ್ನೊಂದರದು ‘ಡ್ಯಾಂಪ್‌ನೆಸ್’ ಎಂದು. ಉಳಿದ ನಾಲ್ಕು ಬಡಾವಣೆಗಳ ಹೆಸರಿನವು: ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ, ಹೆಬ್ಬಾಳ.

ಒಂದೇ ವಿಷಯಕ್ಕೆ ಮೂರು ಪುಟ ಇದ್ದರೆ ನಷ್ಟವೇನು? ‘ನಕಲು ಇದ್ದರೆ ಗೂಗಲ್ ದಂಡ ಹಾಕುತ್ತದೆ’ ಎಂಬ ಮಾತು ಈ ವಲಯದಲ್ಲಿ ಬಹಳ ಓಡಾಡುತ್ತದೆ. ಒಂದೇ ಸೈಟಿನೊಳಗೆ ಅಕಸ್ಮಾತ್ತಾಗಿ ಪುನರಾವರ್ತನೆಯಾದ ಮಾತ್ರಕ್ಕೆ ಅಂಥ ದಂಡವಿಲ್ಲ ಎಂದು ಗೂಗಲ್ 2008ರಲ್ಲೇ ಸ್ಪಷ್ಟಪಡಿಸಿತ್ತು. ಹೆಚ್ಚುಕಡಿಮೆ ಒಂದೇ ಆಗಿರುವ ಪುಟಗಳು ಸಿಕ್ಕಾಗ ಅದು ಅವುಗಳಲ್ಲಿ ಒಂದನ್ನು ಪ್ರತಿನಿಧಿ ಎಂದು ಆರಿಸಿ, ಉಳಿದವನ್ನು ಹಿಂದೆ ಸರಿಸುತ್ತದೆ. ತೊಂದರೆ ಇರುವುದು ಆ ಆಯ್ಕೆಯಲ್ಲಿ. ನೀವು ಶ್ರಮಪಟ್ಟು ಬರೆದ ಪುಟ ಹಿಂದೆ ಸರಿದು, ಎರಡು ಸಾಲಿನ ಹಳೆಯ ಪುಟ ಮುಂದೆ ಬರಬಹುದು. ಪುಟಗಳು ಪೂರ್ತಿ ನಕಲಲ್ಲದೆ ವಿಷಯ ಮಾತ್ರ ಒಂದೇ ಆಗಿದ್ದರೆ ಇನ್ನೊಂದು ಬಗೆಯ ಪೇಚು. ಬೇರೆಯವರು ಕೊಡುವ ಲಿಂಕು, ಸೈಟಿನೊಳಗಿನ ಲಿಂಕು, ಓದುಗರ ಭೇಟಿ ಮೂರು ಕಡೆ ಹಂಚಿಹೋಗಿ ಯಾವ ಪುಟವೂ ಗಟ್ಟಿಯಾಗುವುದಿಲ್ಲ. ಹುಡುಕಾಟದ ಕೆಲಸ ಮಾಡುವವರು ಇದನ್ನು ‘ಕೀವರ್ಡ್ ಕ್ಯಾನಿಬಲೈಸೇಶನ್’ ಎನ್ನುತ್ತಾರೆ. ನಿಮ್ಮ ಪುಟವೇ ನಿಮ್ಮ ಇನ್ನೊಂದು ಪುಟದ ಪಾಲನ್ನು ತಿನ್ನುವುದು ಎಂದರ್ಥ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಓದುಗನದು. ‘ರೂಫ್ ಲೀಕೇಜ್’ ಪುಟಕ್ಕೆ ಬಂದವನಿಗೆ ಬೇಕಾದ ಮಾಹಿತಿ ‘ಮೋಲ್ಡ್ ಸೋರಿಕೆ’ ಪುಟದಲ್ಲಿದ್ದರೆ, ಅದು ಅಲ್ಲಿದೆ ಎಂದು ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹುಡುಕುಪದಗಳ ಪಟ್ಟಿಯಿಂದಲ್ಲ, ಬಂದ ಫೋನ್ ಕರೆಗಳಿಂದ. ಸಂಸ್ಥೆಯಲ್ಲಿ ಫೋನ್ ಎತ್ತುವವರು ಒಬ್ಬರಿರುತ್ತಾರೆ, ಮನೆಗೆ ಹೋಗಿ ನೋಡಿ ಬರುವವರು ಒಬ್ಬರಿರುತ್ತಾರೆ. ಗಿರಾಕಿಯ ಮೊದಲ ವಾಕ್ಯ ಏನಿತ್ತು ಎಂಬುದನ್ನು ಅವರಿಬ್ಬರೂ ಕೆಲವು ವಾರ ಹೇಳಿದ ಹಾಗೇ ಬರೆದಿಟ್ಟರೆ ಸಾಕಷ್ಟು ಸಾಮಗ್ರಿ ಸಿಗುತ್ತದೆ. ವಾಟ್ಸಾಪಿಗೆ ಬಂದ ಸಂದೇಶ, ಫೋಟೊದ ಕೆಳಗೆ ಬರೆದ ಸಾಲು ಕೂಡ ಸೇರಲಿ. ‘ಹೇಳಿದ ಹಾಗೇ’ ಎಂಬುದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಗಿರಾಕಿ ‘ಟೆರೇಸ್ ಸೀಪೇಜ್ ಟ್ರೀಟ್‌ಮೆಂಟ್ ಬೇಕು’ ಎನ್ನುವುದಿಲ್ಲ. ‘ಮೇಲಿನ ಮನೆಯವರ ಬಾತ್‌ರೂಮಿನಿಂದ ನಮ್ಮ ಅಡುಗೆಮನೆಗೆ ನೀರು ತೊಟ್ಟಿಕ್ಕುತ್ತಿದೆ, ಟೈಲ್ಸ್ ಒಡೆಯದೆ ಆಗುತ್ತದಾ?’ ಎಂದು ಕೇಳುತ್ತಾನೆ. ಈ ಒಂದು ವಾಕ್ಯದಲ್ಲಿ ಜಾಗ, ಲಕ್ಷಣ, ಭಯ ಮೂರೂ ಇವೆ. ಅದನ್ನು ದಾಖಲೆಯಲ್ಲಿ ‘ಬಾತ್‌ರೂಮ್ ಲೀಕೇಜ್ ವಿಚಾರಣೆ’ ಎಂದು ಇಳಿಸಿದರೆ ಮೂರೂ ಹೋದವು.

ಬ್ರಿಟನ್ ಸರ್ಕಾರ ತನ್ನ ಬೇರೆ ಬೇರೆ ಸೈಟುಗಳ ಜಾಗಕ್ಕೆ ಒಂದೇ ಸೈಟು ಇರಲೆಂದು 2012ರ ಅಕ್ಟೋಬರ್ 17ರಂದು GOV.UK ತೆರೆಯಿತು. ಅಲ್ಲಿ ಬರವಣಿಗೆಯ ತಂಡವನ್ನು ನಡೆಸಿದ ಸಾರಾ ರಿಚರ್ಡ್ಸ್ ಮತ್ತು ಜೊತೆಗಾರರು ಪುಟ ಬರೆಯುವ ಮೊದಲು ಅದರ ಅಗತ್ಯವನ್ನು ಒಂದು ಸಿದ್ಧ ವಾಕ್ಯದಲ್ಲಿ ಬರೆಯುವ ಕ್ರಮವನ್ನು ರೂಢಿಗೆ ತಂದರು: ನಾನು ಇಂಥವನು, ನನಗೆ ಇಂಥದು ಬೇಕು, ಇಂಥ ಕೆಲಸ ಆಗಬೇಕಿದೆ. ನಮ್ಮ ಮೈಸೂರಿನ ಸಂಸ್ಥೆಗೂ ಅದು ಹೊಂದುತ್ತದೆ. ‘ನಾನು ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿರುವವನು, ಮೇಲಿನ ಬಾತ್‌ರೂಮಿನ ಸೋರಿಕೆ ಪೈಪಿನದೋ ಟೈಲ್ಸಿನದೋ ತಿಳಿಯಬೇಕು, ಮೇಲಿನ ಮನೆಯವರ ಜೊತೆ ಮಾತಾಡಿ ಕೆಲಸ ಮಾಡಿಸಬೇಕಿದೆ.’ ಕೊನೆಯ ಭಾಗವನ್ನು ಬರೆಯುವಾಗಲೇ ಹೊಸದೊಂದು ಹೊಳೆಯುತ್ತದೆ. ಈ ಪುಟವನ್ನು ಓದುವವರು ಇಬ್ಬರು, ಕೆಳಮನೆಯವರು ಮತ್ತು ಅವರು ಲಿಂಕ್ ಕಳಿಸುವ ಮೇಲ್ಮನೆಯವರು.

ಬರೆದಿಟ್ಟ ವಾಕ್ಯಗಳು ಕೂಡಿದ ಮೇಲೆ ಅಸಲು ಕೆಲಸ ಬರುತ್ತದೆ. ಯಾವುವು ಒಂದೇ ಪ್ರಶ್ನೆ, ಯಾವುವು ಬೇರೆ? ಇಲ್ಲಿ ಪದಗಳನ್ನು ನಂಬಬಾರದು. ‘ರೂಫ್’, ‘ತಾರಸಿ’, ‘ಮೋಲ್ಡ್’ ಮೂರು ಪದ. ಮೂವರಿಗೂ ನೀವು ಕೊಡುವ ಉತ್ತರ ಮಾತ್ರ ಒಂದೇ: ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ ಬಿರುಕಿದೆಯೇ ನೋಡಿ, ಮಳೆನೀರು ಇಳಿಯುವ ಪೈಪಿನ ಬಾಯಿಯ ಸುತ್ತ ನೋಡಿ, ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಆದ್ದರಿಂದ ಆ ಮೂರೂ ಒಂದೇ ಪುಟ. ಮೂರು ಪದಗಳೂ ಆ ಪುಟದ ಮಾತಿನಲ್ಲಿ ಸಹಜವಾಗಿ ಬಂದರಾಯಿತು.

ಇದಕ್ಕೆ ಎದುರಾಗಿ ‘ಬಾತ್‌ರೂಮ್ ವಾಟರ್‌ಪ್ರೂಫಿಂಗ್’ ಎಂಬ ಒಂದೇ ಪದದ ಹಿಂದೆ ಎರಡು ಪ್ರಶ್ನೆಗಳಿವೆ. ಮನೆ ಕಟ್ಟಿಸುತ್ತಿರುವವರು ಕೇಳುವುದು ಟೈಲ್ಸ್ ಹಾಕುವ ಮೊದಲು ಏನು ಬಳಿಸಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು ಎಂದು. ಅವರಿಗೆ ಹೇಳಬೇಕಾದದ್ದು ಪೈಪುಗಳ ಸುತ್ತ ಸಂದು ತುಂಬಿಸುವುದು, ಲೇಪನವನ್ನು ಗೋಡೆಯ ಮೇಲೂ ಸ್ವಲ್ಪ ಎತ್ತರ ಏರಿಸುವುದು, ಆಮೇಲೆ ನೀರು ಕಟ್ಟಿ 24ರಿಂದ 48 ಗಂಟೆ ಬಿಟ್ಟು ಕೆಳಗಿನಿಂದ ನೋಡುವುದು. ಹತ್ತು ವರ್ಷದ ಹಳೆಯ ಬಾತ್‌ರೂಮ್ ಸೋರುತ್ತಿರುವವರಿಗೆ ಇದರಲ್ಲಿ ಒಂದಕ್ಷರವೂ ಉಪಯೋಗವಿಲ್ಲ. ಉತ್ತರ ಬೇರೆ, ಕೇಳುವ ಮನುಷ್ಯ ಬೇರೆ, ಸಮಯ ಬೇರೆ. ಹಾಗಾಗಿ ಇದು ಎರಡು ಪುಟವಾಗಬೇಕು.

ಉತ್ತರ ಬದಲಾಗುತ್ತದೆಯೇ ಎಂಬುದು ಮೊದಲ ಒರೆಗಲ್ಲು. ಅದೊಂದೇ ಸಾಲದು, ಗೋಡೆಯ ತೇವದ ವಿಷಯದಲ್ಲಿ ಅದು ಸೋಲುತ್ತದೆ. ಗೋಡೆಯ ಬಣ್ಣ ಉದುರಲು ಕಾರಣಗಳು ಹಲವು. ನೆಲದ ತೇವ ಇಟ್ಟಿಗೆಯ ಮೂಲಕ ಮೇಲೇರಿದರೆ ಕಲೆ ಸಾಮಾನ್ಯವಾಗಿ ಗೋಡೆಯ ಬುಡದಿಂದ ಒಂದು ಮೀಟರಿನ ಆಸುಪಾಸಿನವರೆಗೆ ಇರುತ್ತದೆ, ಬಿಳಿ ಉಪ್ಪಿನ ಪುಡಿ ಕಾಣಿಸುತ್ತದೆ. ಹೊರಗೋಡೆಗೆ ಮಳೆ ಹೊಡೆದು ಬಿರುಕಿನಿಂದ ನುಗ್ಗಿದರೆ ಕಿಟಕಿಯ ಮೂಲೆ, ಸಜ್ಜಾದ ಮೇಲ್ಭಾಗ ಒದ್ದೆಯಾಗುತ್ತದೆ. ಗೋಡೆಯೊಳಗೆ ಹುದುಗಿದ ನೀರಿನ ಪೈಪು ಸೋರಿದರೆ ಬೇಸಿಗೆಯಲ್ಲೂ ಕಲೆ ಒಣಗುವುದಿಲ್ಲ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮೂರು ಪುಟ ಮಾಡೋಣವೇ? ಬೇಡ, ಯಾಕೆಂದರೆ ಗಿರಾಕಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅವನು ಕೇಳುವುದು ‘ಬಣ್ಣ ಬಳಿದು ಆರು ತಿಂಗಳಿಗೇ ಉದುರುತ್ತದೆ, ಯಾಕೆ?’ ಎಂದು ಮಾತ್ರ. ಕಾರಣವನ್ನು ಬೇರ್ಪಡಿಸುವುದೇ ಅವನ ಪ್ರಶ್ನೆ, ಆದ್ದರಿಂದ ಬೇರ್ಪಡಿಸುವ ಕೆಲಸ ಒಂದೇ ಪುಟದೊಳಗೆ ನಡೆಯಬೇಕು.

ಹೀಗಾಗಿ ಎರಡನೆಯ ಒರೆಗಲ್ಲು ಇದು: ಈ ವ್ಯತ್ಯಾಸ ಗಿರಾಕಿಗೆ ಕೇಳುವ ಮೊದಲೇ ಗೊತ್ತಿದೆಯೇ? ಗೊತ್ತಿದ್ದರೆ ಎರಡು ಪುಟ, ಗೊತ್ತಿಲ್ಲದಿದ್ದರೆ ಒಂದು. ಮನೆ ಹೊಸದೋ ಹಳೆಯದೋ ಅವನಿಗೆ ಗೊತ್ತು. ಸೀಲಿಂಗಿನ ಮೇಲೆ ಬಯಲು ತಾರಸಿ ಇದೆಯೋ ಇನ್ನೊಬ್ಬರ ಬಾತ್‌ರೂಮ್ ಇದೆಯೋ ಅದೂ ಗೊತ್ತು. ತೇವ ನೆಲದಿಂದ ಏರಿದ್ದೋ ಹೊರಗಿನಿಂದ ನುಗ್ಗಿದ್ದೋ ಗೊತ್ತಿಲ್ಲ. ತಜ್ಞರು ಬರೆಸಿದ ಸೈಟುಗಳು ಎಡವುವುದು ಇಲ್ಲಿಯೇ. ತಜ್ಞರ ತಲೆಯಲ್ಲಿ ಕಾರಣಗಳ ವಿಂಗಡಣೆ ಇರುತ್ತದೆ, ಗಿರಾಕಿಯ ಕಣ್ಣೆದುರು ಲಕ್ಷಣ ಮಾತ್ರ ಇರುತ್ತದೆ.

ಈ ಎರಡು ಪರೀಕ್ಷೆಗಳ ನಂತರ ಹನ್ನೆರಡು ಪುಟ ಆರಕ್ಕೆ ಇಳಿಯುತ್ತದೆ: ತಾರಸಿ, ಹೊಸ ಬಾತ್‌ರೂಮ್, ಸೋರುವ ಹಳೆಯ ಬಾತ್‌ರೂಮ್, ಸಂಪ್ ಮತ್ತು ಟ್ಯಾಂಕ್, ಗೋಡೆಯ ತೇವ, ಮತ್ತು ಇವನ್ನೆಲ್ಲ ತೋರಿಸುವ ‘ಸೇವೆಗಳು’ ಎಂಬ ದಾರಿತೋರುವ ಪುಟ. ಆ ಕೊನೆಯ ಪುಟ ಯಾವ ಪ್ರಶ್ನೆಗೂ ಉತ್ತರಿಸಬಾರದು. ಓದುಗ ತನ್ನ ಲಕ್ಷಣವನ್ನು ಗುರುತಿಸಿ ಸರಿಯಾದ ಪುಟಕ್ಕೆ ಹೋಗುವಂತೆ ಐದು ಚಿಕ್ಕ ಸಾಲು ಸಾಕು. ಅಲ್ಲಿ ತಾರಸಿಯ ಬಗ್ಗೆ ಮೂರು ಪ್ಯಾರಾ ಬರೆದರೆ ಅದೂ ತಾರಸಿ ಪುಟದ ಜೊತೆ ಪೈಪೋಟಿಗೆ ಇಳಿಯುತ್ತದೆ.

ಬಡಾವಣೆಯ ನಾಲ್ಕು ಪುಟಗಳ ಗತಿ ಏನು? ಊರಿನ ಹೆಸರು ಮಾತ್ರ ಬದಲಿಸಿ, ಒಂದೇ ಜಾಗಕ್ಕೆ ಜನರನ್ನು ತರಲು ಮಾಡಿದ ಇಂಥ ಪುಟಗಳನ್ನು ಗೂಗಲ್ ‘ಡೋರ್‌ವೇ’ ಎಂದು ಕರೆದು, ತನ್ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿ ನಿಷೇಧಿಸಿದೆ. 2015ರ ಮಾರ್ಚಿನಲ್ಲಿ ಇವುಗಳ ಮೇಲೆ ಬಿಗಿ ಮಾಡುವುದಾಗಿ ಪ್ರಕಟಿಸಿತ್ತು ಕೂಡ. ಹಿಂದೆ ಹೇಳಿದ ಅಕಸ್ಮಾತ್ತಿನ ನಕಲಿನಂತಲ್ಲ ಇದು, ಇಲ್ಲಿ ನಿಜವಾಗಿ ಪೆಟ್ಟು ಬೀಳಬಹುದು. ನಮ್ಮ ಒರೆಗಲ್ಲಿನಿಂದ ನೋಡಿದರೂ ಸರಸ್ವತಿಪುರದ ತಾರಸಿಗೂ ಹೆಬ್ಬಾಳದ ತಾರಸಿಗೂ ಉತ್ತರ ಬದಲಾಗುವುದಿಲ್ಲ. ಎಲ್ಲೆಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನು ಸಂಪರ್ಕ ಪುಟದಲ್ಲಿ ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಜಾಗ ಬದಲಾದಾಗ ಉತ್ತರವೂ ಬದಲಾದರೆ ಮಾತು ಬೇರೆ. ಇದೇ ಸಂಸ್ಥೆ ಮಂಗಳೂರಿನಲ್ಲೂ ಕೆಲಸ ಶುರು ಮಾಡಿ, ಹಂಚಿನ ಮಾಡಿನ ಸೋರಿಕೆ ಸರಿಪಡಿಸುವುದಾದರೆ ಅದಕ್ಕೊಂದು ಪುಟ ನ್ಯಾಯವಾದದ್ದೇ. ಆದರೆ ಆ ಪುಟದ ವಿಷಯ ಹಂಚಿನ ಮಾಡು, ಮಂಗಳೂರಲ್ಲ.

ಈಗ ಗಡಿ ಹಾಕುವ ಕೆಲಸ. ಒಂದು ಸಾದಾ ಲೆಡ್ಜರ್ ಅಥವಾ ಎಕ್ಸೆಲ್ ಹಾಳೆ ತೆರೆದು ಪ್ರತಿ ಪುಟಕ್ಕೂ ಒಂದು ಸಾಲು ಇಡಬೇಕು. ಆ ಸಾಲಿನಲ್ಲಿ ಗಿರಾಕಿಯ ಬಾಯಲ್ಲಿ ಬಂದಂತೆಯೇ ಪ್ರಶ್ನೆ, ಅದನ್ನೇ ಬೇರೆ ಬೇರೆ ರೀತಿ ಕೇಳುವ ಮಾತುಗಳು, ಉತ್ತರದ ತಿರುಳು ಒಂದು ವಾಕ್ಯದಲ್ಲಿ, ಮತ್ತು ಈ ಪುಟ ಏನನ್ನು ಹೇಳಬಾರದು ಎಂಬುದು. ಕೊನೆಯ ಅಂಕಣವನ್ನು ಯಾರೂ ತುಂಬುವುದಿಲ್ಲ, ಆದರೆ ನಕಲನ್ನು ತಡೆಯುವುದು ಅದೇ. ತಾರಸಿ ಪುಟದ ಸಾಲಿನಲ್ಲಿ ‘ಓವರ್‌ಹೆಡ್ ಟ್ಯಾಂಕಿನ ಸೋರಿಕೆ ಇಲ್ಲಿ ವಿವರಿಸಬಾರದು’ ಎಂದಿದ್ದರೆ, ಬರೆಯುವವರು ಆ ಜಾಗಕ್ಕೆ ಬಂದಾಗ ‘ಟ್ಯಾಂಕಿನ ಕೆಳಗೆ ಮಾತ್ರ ಒದ್ದೆಯಾಗಿದ್ದರೆ ತಾರಸಿಯ ಮೊದಲು ಟ್ಯಾಂಕನ್ನು ನೋಡಿ’ ಎಂಬ ಒಂದು ವಾಕ್ಯ ಬರೆದು, ಟ್ಯಾಂಕಿನ ಪುಟಕ್ಕೆ ಲಿಂಕ್ ಕೊಟ್ಟು ಮುಂದೆ ಹೋಗುತ್ತಾರೆ. ನೆರೆಯ ಪುಟದ ವಿಷಯಕ್ಕೆ ಇಷ್ಟು ಸಾಕು.

ಗಡಿಯ ಜಗಳ ಹೆಚ್ಚು ಬರುವುದು ಖರ್ಚಿನ ವಿಷಯದಲ್ಲಿ. ಪ್ರತಿ ಗಿರಾಕಿಯೂ ‘ಎಷ್ಟಾಗುತ್ತದೆ?’ ಎಂದು ಕೇಳುತ್ತಾನಲ್ಲ, ಹಾಗಾದರೆ ಅದಕ್ಕೊಂದು ಪುಟ ಬೇಡವೇ ಎಂಬ ವಾದ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಬೇಡ. ತಾರಸಿಯ ಖರ್ಚು ಚದರಡಿಯ ಮೇಲೆ, ಹಳೆಯ ಪದರ ಕೀಳಬೇಕೇ ಎಂಬುದರ ಮೇಲೆ ನಿಂತಿದೆ. ಬಾತ್‌ರೂಮಿನ ಖರ್ಚು ಟೈಲ್ಸ್ ಒಡೆಯಬೇಕೇ ಎಂಬುದರ ಮೇಲೆ ನಿಂತಿದೆ. ಎರಡನ್ನೂ ಒಂದು ‘ದರಗಳು’ ಪುಟದಲ್ಲಿ ಸೇರಿಸಿದರೆ ಅದು ಐದು ಪುಟಗಳ ಅರೆಬರೆ ನಕಲಾಗುತ್ತದೆ. ಖರ್ಚು ಆಯಾ ಪುಟದಲ್ಲೇ ಇರಲಿ. ಗ್ಯಾರಂಟಿ ಪತ್ರದ ಷರತ್ತುಗಳು ಹಾಗಲ್ಲ, ಎಲ್ಲ ಕೆಲಸಕ್ಕೂ ಒಂದೇ. ಅವನ್ನು ಒಂದು ಕಡೆ ಪೂರ್ತಿ ಬರೆದು ಉಳಿದೆಡೆಯಿಂದ ಲಿಂಕ್ ಕೊಡಬೇಕು. ಹಲವು ಸೈಟುಗಳಲ್ಲಿ ಇರುವ ‘ಪದೇ ಪದೇ ಕೇಳುವ ಪ್ರಶ್ನೆಗಳು’ ಎಂಬ ಪುಟವೂ ಇದೇ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ. GOV.UK ಕೂಡ ತನ್ನ ಬರಹಗಾರರಿಗೆ ಅದನ್ನು ಬೇಡವೆನ್ನುತ್ತದೆ. ಪ್ರಶ್ನೆ ನಿಜಕ್ಕೂ ಪದೇ ಪದೇ ಬರುತ್ತಿದ್ದರೆ ಅದರ ಜಾಗ ಆಯಾ ಪುಟದ ಮೇಲ್ಭಾಗ, ಮೂಲೆಯ ಪಟ್ಟಿಯಲ್ಲ.

ಪುಟವೊಂದನ್ನು ಈಗ ಬರೆದು ನೋಡೋಣ. ಸೋರುವ ಹಳೆಯ ಬಾತ್‌ರೂಮಿನದು. ತಲೆಬರಹ: ‘ಮೇಲಿನ ಬಾತ್‌ರೂಮಿನಿಂದ ನೀರು ಇಳಿಯುತ್ತಿದೆ: ಟೈಲ್ಸ್ ಒಡೆಯಬೇಕೇ?’ ಮೊದಲ ಪ್ಯಾರಾದಲ್ಲೇ ಉತ್ತರ ಬರಬೇಕು. ಸೋರಿಕೆ ಟೈಲ್ಸಿನ ಸಂದಿನಿಂದ ಮಾತ್ರ ಆಗುತ್ತಿದ್ದರೆ ಒಡೆಯದೆ, ಹಳೆಯ ಸಂದು ಕೆರೆದು ಎಪಾಕ್ಸಿ ತುಂಬಿ ಸರಿಪಡಿಸಬಹುದು. ಪೈಪಿನ ಕೂಡಿಕೆ ಹಾಳಾಗಿದ್ದರೆ ಆ ಜಾಗ ತೆರೆಯಲೇಬೇಕು, ಮೇಲೆ ಏನು ಬಳಿದರೂ ನಿಲ್ಲದು. ಕೊನೆಯ ಮಾತನ್ನು ಮಾರಾಟಗಾರರು ಬರೆಯಲು ಹಿಂಜರಿಯುತ್ತಾರೆ, ಆದರೆ ಓದುಗ ಹುಡುಕಿಕೊಂಡು ಬಂದದ್ದು ಅದನ್ನೇ.

ಮುಂದಿನದು ಯಾವುದು ಎಂದು ಮನೆಯವರೇ ಕಂಡುಕೊಳ್ಳುವ ಬಗೆ. ಬಾತ್‌ರೂಮ್ ಬಳಸದೆ ಬಿಟ್ಟ ಹೊತ್ತಿನಲ್ಲೂ ಒಂದೇ ಸಮನೆ ತೊಟ್ಟಿಕ್ಕುತ್ತಿದ್ದರೆ ನೀರು ಬರುವ ಪೈಪಿನ ಮೇಲೆ ಅನುಮಾನ. ಟ್ಯಾಂಕಿನಿಂದ ಆ ಬಾತ್‌ರೂಮಿಗೆ ಬರುವ ವಾಲ್ವನ್ನು ರಾತ್ರಿಯಿಡೀ ಮುಚ್ಚಿ, ಬೆಳಿಗ್ಗೆ ತೊಟ್ಟು ಕಡಿಮೆಯಾಗಿದೆಯೇ ನೋಡಬೇಕು. ಸ್ನಾನವಾದ ಮೇಲೆ ಮಾತ್ರ ಹೆಚ್ಚಾಗುತ್ತಿದ್ದರೆ ನೆಲದ ಟ್ರ್ಯಾಪು, ನೀರು ಹೋಗುವ ಪೈಪು ಅಥವಾ ಟೈಲ್ಸಿನ ಸಂದು. ಇಲ್ಲಿ ಒಂದು ಎಚ್ಚರಿಕೆ ಬರೆಯದಿದ್ದರೆ ಪುಟ ದಾರಿ ತಪ್ಪಿಸುತ್ತದೆ. ಹಲವು ಮನೆಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ, ತಗ್ಗನ್ನು ಇಟ್ಟಿಗೆಚೂರಿನಿಂದ ತುಂಬಿರುತ್ತಾರೆ. ಅದರೊಳಗೆ ನೀರು ತುಂಬಿಕೊಂಡಿದ್ದರೆ ಬಳಕೆ ನಿಲ್ಲಿಸಿದ ಮೇಲೂ ದಿನಗಟ್ಟಲೆ ತೊಟ್ಟಿಕ್ಕುತ್ತದೆ, ಒಂದು ರಾತ್ರಿಯ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಇಂಥ ಒಂದು ಸಂಗತಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರುತ್ತದೆ. ಪುಟಕ್ಕೆ ತೂಕ ಬರುವುದು ಇದರಿಂದ, ಮತ್ತು ಇದೇ ಪ್ಯಾರಾವನ್ನು ತಾರಸಿ ಪುಟದಲ್ಲಿ ನಕಲು ಹೊಡೆಯಲು ಸಾಧ್ಯವಿಲ್ಲ. ಬರೆದ ಪ್ಯಾರಾ ಇನ್ನೊಂದು ಪುಟದಲ್ಲಿ ಹಾಗೇ ಕೂರುತ್ತದೆ ಎಂದಾದರೆ ಅದು ಯಾವ ಪುಟದ್ದೂ ಅಲ್ಲ ಎಂದು ತಿಳಿದು ತೆಗೆದುಬಿಡಬಹುದು.

ಆಮೇಲೆ ಖರ್ಚು ಯಾವುದರಿಂದ ಏರುತ್ತದೆ, ಎಷ್ಟು ದಿನ ಬಾತ್‌ರೂಮ್ ಬಳಸಬಾರದು, ಮೇಲ್ಮನೆಯವರು ಏನು ಸಿದ್ಧ ಮಾಡಿಕೊಳ್ಳಬೇಕು. ಸಂಸ್ಥೆಯ ಹೊಗಳಿಕೆಗೆ ಜಾಗ ಬೇಕಾದರೆ ಅದರ ಬದಲು ಒಂದು ನಿಜವಾದ ಕೆಲಸದ ಫೋಟೊ ಹಾಕಿ, ಟ್ರ್ಯಾಪಿನ ಸುತ್ತ ಬಿರುಕು ಎಲ್ಲಿತ್ತು ಎಂದು ಎರಡು ಸಾಲು ಬರೆಯುವುದು ಮೇಲು.

ಉಳಿದದ್ದು ಹಳೆಯ ಪುಟಗಳನ್ನು ತೆಗೆಯುವ ಕೆಲಸ. ಸುಮ್ಮನೆ ಅಳಿಸಬಾರದು. ‘ರೂಫ್ ಲೀಕೇಜ್’ ಪುಟಕ್ಕೆ ಎಲ್ಲಿಂದಲೋ ಲಿಂಕ್ ಇರಬಹುದು, ಯಾರೋ ವಾಟ್ಸಾಪಿನಲ್ಲಿ ಹಂಚಿರಬಹುದು. ಮೊದಲು ಮೂರು ಪುಟಗಳಲ್ಲಿರುವ ಒಳ್ಳೆಯ ಸಾಲುಗಳನ್ನು ಆರಿಸಿ ಉಳಿಯುವ ಪುಟಕ್ಕೆ ಸೇರಿಸಬೇಕು. ನಂತರ ಹಳೆಯ ವಿಳಾಸಕ್ಕೆ ಬಂದವರು ತಾವಾಗಿ ಹೊಸದಕ್ಕೆ ಹೋಗುವಂತೆ ಶಾಶ್ವತ ಮರುದಾರಿ, ಅಂದರೆ 301 ರಿಡೈರೆಕ್ಟ್ ಹಾಕಬೇಕು. ಅಪಾಚೆ ಸರ್ವರಿನಲ್ಲಿ ಅದು ಹೀಗಿರುತ್ತದೆ:

```
Redirect 301 /roof-leakage-repair /terrace-leak
Redirect 301 /mould-leakage /terrace-leak
```

ಇದನ್ನು ಕನಿಷ್ಠ ಒಂದು ವರ್ಷವಾದರೂ ಇಟ್ಟಿರಿ ಎಂದು ಗೂಗಲ್ ಹೇಳುತ್ತದೆ, ಸಾಧ್ಯವಾದರೆ ತೆಗೆಯದೇ ಇರುವುದು ಒಳ್ಳೆಯದು. ಎಲ್ಲ ಹಳೆಯ ಪುಟಗಳನ್ನೂ ಒಟ್ಟಾಗಿ ಮುಖಪುಟಕ್ಕೆ ತಿರುಗಿಸುವ ಸೋಮಾರಿ ದಾರಿ ಬೇಡ. ತಾರಸಿ ಕೇಳಿ ಬಂದವನು ಮುಖಪುಟದಲ್ಲಿ ನಿಂತರೆ ಅವನ ಪಾಲಿಗೆ ಪುಟ ಕಳೆದುಹೋದಂತೆಯೇ, ಗೂಗಲ್ ಕೂಡ ಅದನ್ನು ಇಲ್ಲದ ಪುಟದ ಲೆಕ್ಕಕ್ಕೇ ಸೇರಿಸಬಹುದು. ಸೈಟಿನ ಮೆನು, ಬೇರೆ ಪುಟಗಳೊಳಗಿನ ಲಿಂಕು, ಸೈಟ್‌ಮ್ಯಾಪ್ ಇವುಗಳಲ್ಲೂ ಹೊಸ ವಿಳಾಸವೇ ಇರಬೇಕು. `rel="canonical"` ಎಂಬ ಸೂಚನೆಯನ್ನು ಹಾಕಿ ಮೂರೂ ಪುಟಗಳನ್ನು ಉಳಿಸಿಕೊಳ್ಳೋಣ ಎಂದು ಕೆಲವರು ಹೇಳುತ್ತಾರೆ. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಒಟ್ಟಾಗಿ ತಂದ ಆ ಸೂಚನೆ ಇರುವುದು ಒಂದೇ ಪುಟ ತಾಂತ್ರಿಕ ಕಾರಣಕ್ಕೆ ಹಲವು ವಿಳಾಸದಲ್ಲಿ ತೆರೆಯುವಾಗ. ಅದು ಸಲಹೆ ಮಾತ್ರ, ಗೂಗಲ್ ಪಾಲಿಸಲೇಬೇಕೆಂದಿಲ್ಲ. ಬೇಡದ ಪುಟ ಬೇಡವೇ ಆಗಿದ್ದರೆ ಮರುದಾರಿಯೇ ಸರಿ.

ಕನ್ನಡದ ಓದುಗರು ಕೇಳುವ ಇನ್ನೊಂದು ಪ್ರಶ್ನೆ ಇದೆ: ಅದೇ ಪುಟ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದ್ದರೆ ನಕಲಾಗುವುದಿಲ್ಲವೇ? ಆಗುವುದಿಲ್ಲ. ಪುಟದ ಮುಖ್ಯ ಬರಹ ನಿಜವಾಗಿ ಎರಡು ಭಾಷೆಯಲ್ಲಿದ್ದರೆ ಗೂಗಲ್ ಅವನ್ನು ನಕಲೆಂದು ಎಣಿಸುವುದಿಲ್ಲ. ಮೆನು ಮಾತ್ರ ಕನ್ನಡ ಮಾಡಿ ಒಳಗಿನ ಬರಹವನ್ನು ಇಂಗ್ಲಿಷಿನಲ್ಲೇ ಬಿಟ್ಟರೆ ಎಣಿಸುತ್ತದೆ. ಎರಡು ಪುಟಗಳೂ ಒಂದರ ವಿಳಾಸವನ್ನು ಇನ್ನೊಂದು `hreflang="kn"`, `hreflang="en"` ಎಂಬ ಗುರುತಿನೊಂದಿಗೆ ತೋರಿಸಿಕೊಂಡರೆ, ಕನ್ನಡದಲ್ಲಿ ಹುಡುಕಿದವರಿಗೆ ಕನ್ನಡದ್ದು ಸಿಗುವ ಸಾಧ್ಯತೆ ಹೆಚ್ಚುತ್ತದೆ. ಲೆಡ್ಜರಿನಲ್ಲಿ ಇವೆರಡೂ ಒಂದೇ ಸಾಲು, ಯಾಕೆಂದರೆ ಪ್ರಶ್ನೆ ಒಂದೇ.

ಇಷ್ಟಾದ ಮೇಲೆ ಕೆಲಸ ಫಲಿಸಿತೋ ಇಲ್ಲವೋ ನೋಡಲು ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಉಪಕರಣವಿದೆ. ಅದರಲ್ಲಿ ‘ತಾರಸಿ ಸೋರಿಕೆ’ಯಂಥ ಒಂದು ಹುಡುಕುಪದವನ್ನು ಆರಿಸಿ, ಆ ಪದಕ್ಕೆ ಯಾವ ಯಾವ ಪುಟ ಕಾಣಿಸಿಕೊಂಡಿದೆ ಎಂದು ನೋಡಬೇಕು. 16 ತಿಂಗಳ ಲೆಕ್ಕ ಅಲ್ಲಿರುತ್ತದೆ, ಹಾಗಾಗಿ ಈ ಮಳೆಗಾಲವನ್ನು ಹೋದ ಮಳೆಗಾಲದ ಜೊತೆ ಹೋಲಿಸಬಹುದು. ಸೋರಿಕೆಯ ವ್ಯವಹಾರದಲ್ಲಿ ಜೂನನ್ನು ಮೇ ಜೊತೆ ಹೋಲಿಸಿದರೆ ಅರ್ಥವಿಲ್ಲ. ಒಂದು ಪದಕ್ಕೆ ಒಂದು ವಾರ ಒಂದು ಪುಟ, ಮರುವಾರ ಇನ್ನೊಂದು ಪುಟ ಬರುತ್ತಿದ್ದು, ಎರಡರ ಸ್ಥಾನವೂ ಕೆಳಗಿದ್ದರೆ ಅಲ್ಲಿ ಗಡಿ ಸರಿಯಾಗಿಲ್ಲ. ಎರಡು ಪುಟ ಒಟ್ಟಿಗೆ ಕಂಡ ಮಾತ್ರಕ್ಕೆ ಗಾಬರಿ ಬೇಡ. ‘ವಾಟರ್‌ಪ್ರೂಫಿಂಗ್ ಮೈಸೂರು’ ಎಂಬ ಅಗಲವಾದ ಪದಕ್ಕೆ ಹಲವು ಪುಟ ಬರುವುದು ಸಹಜ.

ಸಣ್ಣ ಸಂಸ್ಥೆಗೆ ಈ ಉಪಕರಣದ ಮಿತಿಯೂ ತಿಳಿದಿರಬೇಕು. ತೀರಾ ಕೆಲವೇ ಜನ ಹುಡುಕಿದ ಪದಗಳನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ತೋರಿಸುವುದಿಲ್ಲ. ಒಂದು ಊರಿನ, ಅದೂ ಕನ್ನಡದ ಹುಡುಕಾಟದಲ್ಲಿ ಹೀಗೆ ಮರೆಯಾಗುವ ಪಾಲು ಸಣ್ಣದಲ್ಲ. ಆದ್ದರಿಂದ ಹೆಚ್ಚು ನಂಬಬಹುದಾದ ಅಳತೆ ಮತ್ತೆ ಆ ಫೋನ್ ಪುಸ್ತಕವೇ. ಬಾತ್‌ರೂಮ್ ಪುಟ ಓದಿ ಕರೆ ಮಾಡಿದವರು ‘ವಾಲ್ವ್ ಮುಚ್ಚಿ ನೋಡಿದೆವು, ತೊಟ್ಟು ನಿಲ್ಲಲಿಲ್ಲ’ ಎಂದು ಮಾತು ಶುರು ಮಾಡುತ್ತಿದ್ದಾರೆಯೇ? ಹಾಗಿದ್ದರೆ ಪುಟ ಕೆಲಸ ಮಾಡುತ್ತಿದೆ. ಇನ್ನೂ ‘ಟೈಲ್ಸ್ ಒಡೆಯಬೇಕಾ?’ ಎಂದೇ ಕೇಳುತ್ತಿದ್ದರೆ ಉತ್ತರ ಮೇಲ್ಭಾಗದಲ್ಲಿಲ್ಲ, ಅಥವಾ ಸ್ಪಷ್ಟವಾಗಿಲ್ಲ.

ಲೆಡ್ಜರ್ ಹಾಳಾಗುವುದು ಸಾಮಾನ್ಯವಾಗಿ ಹೊಸ ಪ್ರಶ್ನೆ ಬಂದಾಗ. ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ಲಿನ ಸ್ಟ್ಯಾಂಡ್ ಕೂರಿಸಿದ ಮೇಲೆ ಸೋರಲು ಶುರುವಾಯಿತು ಎಂದು ಕೆಲವರು ಕರೆ ಮಾಡುತ್ತಾರೆ ಎನ್ನೋಣ. ಮಾಲೀಕರಿಗೆ ಕೂಡಲೇ ‘ಸೋಲಾರ್ ವಾಟರ್‌ಪ್ರೂಫಿಂಗ್’ ಪುಟ ಮಾಡಿಸುವ ಆಸೆ. ಒರೆಗಲ್ಲು ಹಿಡಿದು ನೋಡಿದರೆ, ಸೋರಿಕೆ ಯಾವಾಗ ಶುರುವಾಯಿತೆಂಬುದು ಗಿರಾಕಿಗೆ ಗೊತ್ತು. ಉತ್ತರದಲ್ಲೂ ಸ್ವಲ್ಪ ವ್ಯತ್ಯಾಸವಿದೆ: ಬೋಲ್ಟ್ ಕೊರೆದ ತೂತುಗಳ ಸುತ್ತ ಮೊದಲು ನೋಡಬೇಕು, ಸ್ಟ್ಯಾಂಡ್ ಕೂರಿಸಿದವರ ಹೊಣೆ ಎಷ್ಟು ಎಂದು ಕೇಳಬೇಕು. ಆದರೆ ನೋಡಿ ಸರಿಪಡಿಸುವ ಬಗೆ ತಾರಸಿಯದೇ. ಹಾಗಾಗಿ ಸದ್ಯಕ್ಕೆ ಅದು ತಾರಸಿ ಪುಟದಲ್ಲಿ ಒಂದು ಉಪಶೀರ್ಷಿಕೆ, ಲೆಡ್ಜರಿನಲ್ಲಿ ತಾರಸಿಯ ಸಾಲಿನೊಳಗೆ ಇನ್ನೊಂದು ಕೇಳುವ ರೀತಿ. ಸ್ಟ್ಯಾಂಡ್ ಕೂರಿಸುವ ಮೊದಲೇ ‘ತಾರಸಿ ಕೊರೆಯದೆ ಪ್ಯಾನೆಲ್ ಇಡಬಹುದೇ?’ ಎಂದು ಕೇಳುವವರು ಬರತೊಡಗಿದರೆ, ಕಾಂಕ್ರೀಟ್ ದಿಂಡಿನ ಮೇಲೆ ಸ್ಟ್ಯಾಂಡ್ ಕೂರಿಸುವುದು, ಅದರ ಭಾರವನ್ನು ತಾರಸಿ ತಾಳುತ್ತದೆಯೇ ಎಂದು ಎಂಜಿನಿಯರಿಂದ ಪರೀಕ್ಷಿಸಿಕೊಳ್ಳುವುದು, ಗಾಳಿಗೆ ಅಲುಗದಂತೆ ನೋಡಿಕೊಳ್ಳುವುದು ಎಲ್ಲವೂ ಬೇರೆ ಉತ್ತರವಾಗುತ್ತವೆ. ಏಳನೆಯ ಪುಟಕ್ಕೆ ಲೆಡ್ಜರಿನಲ್ಲಿ ಹೊಸ ಸಾಲು ತೆರೆಯಬೇಕಾದದ್ದು ಆಗ.